ಕೆಂಪು ಮಾತ್ರೆಯೂ ಬಾಣಂತಿಯ ನೀರೂ

ಬಸುರಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಮನೆಯ ಹಿರಿಯರು ಅವಳ ಊಟ, ನಿದ್ರೆ, ಸೀಮಂತದ ಸೀರೆ ಎಲ್ಲವನ್ನೂ ವಿಚಾರಿಸುತ್ತಾರೆ; ಬಹಿರ್ದೆಸೆ ಸಲೀಸಾಗಿ ಆಗುತ್ತಿದೆಯೇ ಎಂದು ಮಾತ್ರ ಕೇಳುವವರಿಲ್ಲ. ಅವಳೂ ನಾಚಿ ಹೇಳುವುದಿಲ್ಲ. ಮೂರು ನಾಲ್ಕು ದಿನ ಕಷ್ಟಪಟ್ಟು, ಇದೆಲ್ಲ ಕಬ್ಬಿಣದ ಕೆಂಪು ಮಾತ್ರೆಯ ಉಪದ್ರವವೆಂದು ತಾನೇ ತೀರ್ಮಾನಿಸಿ, ಅದನ್ನು ಸದ್ದಿಲ್ಲದೆ ನಿಲ್ಲಿಸಿಬಿಡುತ್ತಾಳೆ.

ಮಾತ್ರೆಯ ತಪ್ಪು ಇಲ್ಲವೆನ್ನಲಾರೆವು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ದೇಹವು ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಹೀರಿಕೊಳ್ಳುತ್ತದೆ; ಉಳಿದದ್ದು ಕರುಳಿನಲ್ಲಿ ಸಾಗಿ ಮಲವನ್ನು ಕಪ್ಪಾಗಿಸುತ್ತದೆ, ಹಲವರಿಗೆ ಗಟ್ಟಿಯಾಗಿಸುತ್ತದೆ. ಕಪ್ಪು ಬಣ್ಣಕ್ಕೆ ಹೆದರಬೇಕಾಗಿಲ್ಲ. ಆದರೆ ಮಾತ್ರೆ ಒಂದೇ ಕಾರಣವಲ್ಲ. ಗರ್ಭವನ್ನು ಕಾಪಾಡುವ ಹಾರ್ಮೋನು ಕರುಳಿನ ನಡೆಯನ್ನೂ ಮಂದಗೊಳಿಸುತ್ತದೆ. ಮಲ ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಅದರ ನೀರು ಹೀರಿಹೋಗುತ್ತದೆ. ಕೊನೆಯ ತಿಂಗಳುಗಳಲ್ಲಿ ಬೆಳೆದ ಗರ್ಭಕೋಶವೂ ಒತ್ತುತ್ತದೆ. ಮಾತ್ರೆ ಬಿಟ್ಟರೂ ಈ ಕಾರಣಗಳು ಉಳಿದೇ ಇರುತ್ತವೆ. ಹೋಗುವುದು ರಕ್ತದ ಬಲ ಮಾತ್ರ. ರಕ್ತಹೀನಳಾದವಳಿಗೆ ಹೆರಿಗೆಯ ರಕ್ತಸ್ರಾವ ಎಷ್ಟು ಅಪಾಯವೆಂಬುದನ್ನು ಯೋಚಿಸಬೇಕು. ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಎಂಬ ಲೆಕ್ಕ ಸುಮ್ಮನೆ ಇಟ್ಟದ್ದಲ್ಲ. ತೀರಾ ತ್ರಾಸವಾದರೆ ವೈದ್ಯರಿಗೆ ಹೇಳಿ ಬೇರೆ ಬಗೆಯ ಮಾತ್ರೆಯನ್ನೋ ಬೇರೆ ಕ್ರಮವನ್ನೋ ಕೇಳಬಹುದು.

ಇನ್ನು ಹೆರಿಗೆಯ ನಂತರದ ಮಾತು. ನಮಗೆ ಪರಿಚಯವಿರುವ ಒಂದು ಮನೆಯನ್ನೇ ತೆಗೆದುಕೊಳ್ಳೋಣ. ಮಗಳ ಬಾಣಂತನಕ್ಕೆ ರಾಯಚೂರಿನಿಂದ ತಾಯಿ ಕಾಚಿಗುಡಕ್ಕೆ ಬಂದರು. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಬೆಳ್ಳುಳ್ಳಿ. ಸೊಪ್ಪು ಶೀತ, ಹಣ್ಣು ಶೀತ, ರೊಟ್ಟಿ ಜಡ. ನೀರು ದಿನಕ್ಕೆ ಎರಡು ಲೋಟ, ಹೆಚ್ಚಾದರೆ ಹೊಟ್ಟೆ ಬರುತ್ತದೆಂಬ ಭಯ. ಐದನೆಯ ದಿನಕ್ಕೂ ಹುಡುಗಿಗೆ ಬಹಿರ್ದೆಸೆಯಿಲ್ಲ.

ನಮ್ಮ ತಾರ್ನಾಕದ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕವನ್ನು ಮುಂದಿಟ್ಟುಕೊಂಡು ಈ ಪಥ್ಯವನ್ನು ಲೆಕ್ಕ ಹಾಕಬಹುದು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು ಮೂರು ಗ್ರಾಮಿಗೂ ಕಡಿಮೆ. ಜೋಳದಲ್ಲಿ ಸುಮಾರು ಹತ್ತು. ದಿನಕ್ಕೆ ಕಾಲು ಕಿಲೋ ಅಕ್ಕಿ ಉಂಡರೂ ಸಿಗುವುದು ಏಳು ಗ್ರಾಂ. ಬೇಕಾದದ್ದು ಇಪ್ಪತ್ತೈದು, ಮೂವತ್ತು. ಅನ್ನವನ್ನು ಅರ್ಧಕ್ಕಿಳಿಸಿ ಎರಡು ಜೋಳದ ರೊಟ್ಟಿ ಕೊಟ್ಟರೆ ಹದಿನಾರಕ್ಕೆ ಬರುತ್ತದೆ. ಒಂದು ಸೀಬೆಹಣ್ಣು ಎಂಟನ್ನು ಸೇರಿಸುತ್ತದೆ. ಮಿಕ್ಕದ್ದು ಬೇಳೆ ಮತ್ತು ಬೇಯಿಸಿದ ಸೊಪ್ಪಿನಿಂದ. ರೊಟ್ಟಿ ತಿಂದೇ ಬೆಳೆದ ತಾಯಿ ಮಗಳಿಗೆ ಅದನ್ನೇ ನಿಷೇಧಿಸಿದ್ದು ವಿಚಿತ್ರ!

ನೀರಿಲ್ಲದೆ ನಾರು ಕೆಲಸ ಮಾಡದು. ಮೊಲೆ ಹಾಲಿನಲ್ಲೇ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹೊರಹೋಗುತ್ತದೆ. ಕುಡಿದ ಎರಡು ಲೋಟ ಅಲ್ಲಿಗೇ ಸಾಲದು. ಉಳಿದದ್ದನ್ನು ದೇಹ ಕರುಳಿನಿಂದ ಹಿಂಡಿಕೊಳ್ಳುತ್ತದೆ. ಪ್ರತಿಸಲ ಮಗುವಿಗೆ ಹಾಲೂಡಿಸುವಾಗ ಪಕ್ಕದಲ್ಲಿ ಒಂದು ಲೋಟ ನೀರಿಟ್ಟರೆ ಎಣಿಸುವ ಗೋಜಿಲ್ಲ. ಬೆಚ್ಚಗಿನ ನೀರೇ ಆಗಲಿ ಎಂದರೆ ನಮ್ಮ ತಕರಾರಿಲ್ಲ. ಮೂತ್ರ ತಿಳಿಯಾಗಿದ್ದರೆ ಸಾಕಷ್ಟು ಕುಡಿದಂತೆ.

ಇಷ್ಟರಿಂದಲೂ ಆಗದಿದ್ದರೆ ವೈದ್ಯರು ಸಾಮಾನ್ಯವಾಗಿ ಇಸಬ್ಗೋಲು ಅಥವಾ ಲ್ಯಾಕ್ಟುಲೋಸ್ ಪಾನಕ ಹೇಳುತ್ತಾರೆ. ಎರಡೂ ಬಸುರಿಗೂ ಬಾಣಂತಿಗೂ ನಿರಪಾಯ. ಇಸಬ್ಗೋಲನ್ನು ಒಂದೆರಡು ಚಮಚ, ತುಂಬಿದ ಲೋಟ ನೀರಿನಲ್ಲಿ ಕದಡಿ, ಉಬ್ಬುವ ಮೊದಲೇ ಕುಡಿಯಬೇಕು. ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೇ ಗಂಟಾಗಿ ಅಡ್ಡ ನಿಲ್ಲುತ್ತದೆ. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಲ್ಯಾಕ್ಟುಲೋಸ್ ರಕ್ತಕ್ಕೆ ಸೇರುವುದಿಲ್ಲವೆನ್ನಬಹುದು. ಕರುಳಿಗೆ ನೀರನ್ನು ಸೆಳೆದು ಮಲ ಮೆದುವಾಗಿಸುತ್ತದೆ. ಗುಣ ಕಾಣಲು ಎರಡು ದಿನ ಬೇಕು, ಮೊದಲಿಗೆ ಹೊಟ್ಟೆ ಸ್ವಲ್ಪ ಉಬ್ಬರಿಸುತ್ತದೆ. ಆ ಹುಡುಗಿಗೆ ವೈದ್ಯರು ಹೇಳಿದ್ದು ಇದನ್ನೇ, ರಾತ್ರಿ ಹದಿನೈದು ಮಿಲಿಲೀಟರು; ಮೂರನೆಯ ದಿನ ಬೆಳಿಗ್ಗೆ ಸಲೀಸಾಯಿತು. ಅಜ್ಜಿಯರ ಹರಳೆಣ್ಣೆಯನ್ನು ಮಾತ್ರ ಬಸುರಿಗೆ ಕೊಡಬಾರದು. ಅದು ಕರುಳಿನ ಜತೆಗೆ ಗರ್ಭಕೋಶವನ್ನೂ ಕೆರಳಿಸಬಲ್ಲದು.

ಹೊಲಿಗೆ ಬಿದ್ದವರು ಅದು ಬಿಟ್ಟೀತೆಂದು ಅಂಜಿ ತಡೆದುಕೊಳ್ಳುತ್ತಾರೆ, ತಡೆದಷ್ಟೂ ಗಟ್ಟಿ. ಮೆದುವಾದ ಮಲದಿಂದ ಹೊಲಿಗೆ ಬಿಡುವುದಿಲ್ಲ. ಶುಭ್ರವಾದ ಬಟ್ಟೆಯನ್ನು ಹೊಲಿಗೆಗೆ ಮೃದುವಾಗಿ ಒತ್ತಿ ಹಿಡಿದು ಕೂತರೆ ಧೈರ್ಯ ಬರುತ್ತದೆ. ಫ್ಲಾಟುಗಳ ಕಮೋಡಿನಲ್ಲಿ ಪಾದದ ಕೆಳಗೆ ಗಿಡ್ಡ ಮಣೆಯಿಟ್ಟು ಮುಂದಕ್ಕೆ ಬಾಗಿದರೆ ತಿಣುಕುವುದು ಕಡಿಮೆಯಾಗುತ್ತದೆ.

ಕೆಂಪು ರಕ್ತ ಕಂಡರೆ ಅದು ಮೂಲವ್ಯಾಧಿಯೋ ಬಿರುಕೋ ಎಂದು ವೈದ್ಯರೇ ನೋಡಿ ಹೇಳಲಿ. ವಾಯುವೂ ಹೋಗದೆ ಹೊಟ್ಟೆ ಬಿಗಿದು ವಾಂತಿಯಾದರೆ ಮನೆಮದ್ದಿಗೆ ಕಾಯಬಾರದು. ಬಸುರಿಗೆ ಹೊಟ್ಟೆನೋವು ಬಿಟ್ಟು ಬಿಟ್ಟು, ಕ್ರಮವಾಗಿ ಬರುತ್ತಿದ್ದರೆ ಅದು ಮಲಬದ್ಧತೆಯಲ್ಲ, ಹೆರಿಗೆಯ ನೋವೇ ಇರಬಹುದು. ಇಸಬ್ಗೋಲನ್ನು ಬದಿಗಿಟ್ಟು ಆಟೋ ಕರೆಯಬೇಕು.