ಡೇರಿಗೆ ಹೋಗುವ ಮುನ್ನ ಅರ್ಧ ಲೀಟರ್ ನಿಮಗಿರಲಿ

ಈದ ಎಮ್ಮೆ ಏಳಲಾರದೆ ಕುಸಿದು ಮಲಗಿದರೆ ಅದು ಹಾಲು ಜ್ವರ ಇರಬಹುದೆಂದು ನಮಗೆ ಹೊಳೆಯುತ್ತದೆ. ವೈದ್ಯರನ್ನು ಕರೆದು ಕ್ಯಾಲ್ಸಿಯಂ ಬಾಟಲಿ ಏರಿಸುತ್ತೇವೆ. ಆದರೆ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಮ್ಮದೇ ಎಲುಬಿನ ಕ್ಯಾಲ್ಸಿಯಂ ಕರಗುವುದು ಗೊತ್ತೇ ಆಗುವುದಿಲ್ಲ.

ಎಲುಬನ್ನು ಕಾಯುವ ಈಸ್ಟ್ರೋಜನ್ ಎಂಬ ರಸ ಆಗ ಕಡಿಮೆಯಾಗುತ್ತದೆ. ಮುಟ್ಟು ನಿಲ್ಲುವ ಆಸುಪಾಸಿನ ಕೆಲವು ವರ್ಷಗಳಲ್ಲಿ ಎಲುಬು ಬೇಗ ಸವೆಯುತ್ತದೆ. ತೋಳು, ತೊಡೆಯ ಸ್ನಾಯು ಇಳಿದು, ನಡುವಿನ ಸುತ್ತ ಕೊಬ್ಬು ಸೇರುತ್ತದೆ. ತೂಕ ಅಷ್ಟೇ ಇರುವುದರಿಂದ ತಕ್ಕಡಿ ಇದನ್ನು ಹೇಳುವುದಿಲ್ಲ. ಕುಪ್ಪಸದ ತೋಳು ಸಡಿಲಾಗಿ, ಸೀರೆ ನಡುವಿನಲ್ಲಿ ಬಿಗಿಯಾದರೆ ತಿಳಿಯಿರಿ.

ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮ ಕಡೆಯ ಊಟವನ್ನೇ ಲೆಕ್ಕ ಹಾಕೋಣ. ಕಾಲು ಕಿಲೊ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸಿಗುವುದು 70 ಮಿಲಿಗ್ರಾಂ ಅಷ್ಟೇ. ಬೇಳೆ, ಪಲ್ಯೆ, ಎರಡು ಕಪ್ ಚಹಾದ ಹಾಲು ಸೇರಿಸಿದರೂ ಸುಮಾರು 300 ದಾಟುವುದು ಕಷ್ಟ. ಅರ್ಧ ಲೀಟರ್ ಹಾಲಿನಲ್ಲಿ ಮಾತ್ರ ಸುಮಾರು 600 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ಸ್ನಾಯುವಿಗೆ ಬೇಕಾದ 16ರಿಂದ 18 ಗ್ರಾಂ ಪ್ರೋಟೀನ್ ಇದೆ. ಮೇಲೆ ಎರಡು ಚಮಚ ಎಳ್ಳಿನ ಪುಡಿಯನ್ನು ರೊಟ್ಟಿಗೆ ಹಚ್ಚಿಕೊಂಡರೆ ಇನ್ನೊಂದು 200 ಸೇರುತ್ತದೆ. ಅಲ್ಲಿಗೆ ಲೆಕ್ಕ 1100ರ ಹತ್ತಿರ ಬಂತು.

ನಾವು ತಪ್ಪುವುದು ಇಲ್ಲೇ: ಹಾಲನ್ನೆಲ್ಲ ಡೇರಿಗೆ ಹಾಕಿ, ಉಳಿದದ್ದನ್ನು ಮನೆಮಂದಿಗೆ ಬಡಿಸಿ, ನಾವು ನೀರು ಮಜ್ಜಿಗೆ ಕುಡಿಯುತ್ತೇವೆ. ತುಪ್ಪ ತಿಂದರೆ ಎಲುಬು ಗಟ್ಟಿ ಎಂದು ಹಲವರು ನಂಬಿದ್ದಾರೆ. ತುಪ್ಪದಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬಹುದು. ಅದು ಬೆಣ್ಣೆ ತೆಗೆದ ಮಜ್ಜಿಗೆಯಲ್ಲೇ ಉಳಿಯುತ್ತದೆ. ನಡುವಿನ ಕೊಬ್ಬು ಹೆಚ್ಚುತ್ತಿದ್ದರೆ ಕೆನೆ ತೆಗೆದ ಮೊಸರು, ನೀರು ಕಡಿಮೆ ಹಾಕಿದ ಮಜ್ಜಿಗೆ ಒಳ್ಳೆಯದು. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೂ ಮೊಸರು ಸಾಮಾನ್ಯವಾಗಿ ಹಿಡಿಸುತ್ತದೆ. ಒಂದೇ ಹೊತ್ತಿಗೆ ಮುಗಿಸದೆ ಮೂರು ಊಟಕ್ಕೂ ಹಂಚಿ, ಪ್ರತಿ ಊಟಕ್ಕೆ ಬೇಳೆ ಅಥವಾ ಮಡಕಿ ಕಾಳಿನ ಉಸುಳಿ ಇರಲಿ.

ಅರ್ಧ ಲೀಟರ್ ಹಾಲಿನ ಹಣ ಬಿಲ್ಲಿನಲ್ಲಿ ಕಡಿಮೆಯಾಗುತ್ತದೆ ಎಂದು ಮನೆಯಲ್ಲಿ ಕೇಳಬಹುದು. ಎಮ್ಮೆಗೆ ಹಿಂಡಿ, ಖನಿಜ ಮಿಶ್ರಣ ಹಾಕುವಾಗ ಅದನ್ನು ನಷ್ಟವೆಂದು ಯಾರೂ ಬರೆಯುವುದಿಲ್ಲ. ಹಿಂಡುವ ಕೈಗೂ ಅದೇ ಲೆಕ್ಕ ಇರಬೇಕೆಂಬುದು ನನ್ನ ವಾದ. ಕೊಟ್ಟಿಗೆಯಲ್ಲಿ ಜಾರಿ ತೊಡೆಯ ಎಲುಬು ಮುರಿದರೆ ತಿಂಗಳುಗಟ್ಟಲೆ ಹಿಂಡುವವರೇ ಇರುವುದಿಲ್ಲ.

ಊಟವೊಂದೇ ಎಲ್ಲವನ್ನೂ ತಡೆಯಲಾರದು. ಸವೆತ ನಿಧಾನವಾಗುತ್ತದೆ, ಅಷ್ಟೇ. ಸಣ್ಣಗೆ ಬಿದ್ದರೂ ಮಣಿಕಟ್ಟು ಮುರಿದರೆ, ಬೆನ್ನು ಬಾಗಿ ಎತ್ತರ ಕಡಿಮೆಯಾದರೆ ಎಲುಬಿನ ಪರೀಕ್ಷೆ ಮಾಡಿಸಿಕೊಳ್ಳಿ. ಮೂತ್ರಪಿಂಡದ ಕಲ್ಲು ಇದ್ದವರು ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಗುಳಿಗೆ ನುಂಗಬೇಡಿ. ಉಳಿದಂತೆ, ನಾಳೆ ಬೆಳಗ್ಗೆ ಕ್ಯಾನ್ ತುಂಬುವ ಮೊದಲು ನಿಮ್ಮ ಚರಿಗೆಗೆ ಹಾಲು ಹಾಕಿಕೊಳ್ಳಿ.