ಒಪ್ಪಿಗೆಗೆ ಮುನ್ನವೇ ಆದಾಯವೇ?

ಮಾರ್ಚ್ 31 ಹತ್ತಿರವಾಗುತ್ತಿದ್ದಂತೆ, ಗ್ರಾಹಕರು ನೋಡಿ ಒಪ್ಪಲೆಂದು ಕಳುಹಿಸಿದ ಸರಕನ್ನೂ ಮಾರಾಟವೆಂದು ಲೆಕ್ಕಕ್ಕೆ ಸೇರಿಸುವ ರೂಢಿ ವ್ಯಾಪಾರಿಗಳಲ್ಲಿದೆ. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಂ ಇದಕ್ಕೆ ಅವಕಾಶ ಕೊಡುವುದಿಲ್ಲ. ಗ್ರಾಹಕ ಒಪ್ಪಿಗೆ ತಿಳಿಸಿದಾಗ, ಸರಕನ್ನು ತನ್ನದೆಂಬಂತೆ ಬೇರೆಯವರಿಗೆ ಮಾರಿದಾಗ ಅಥವಾ ಅಡವಿಟ್ಟಾಗ, ಇಲ್ಲವೇ ನಿರಾಕರಣೆ ತಿಳಿಸದೆ ಗಡುವು ಮೀರಿ ಇಟ್ಟುಕೊಂಡಾಗ ಮಾತ್ರ ಒಡೆತನ ಅವನಿಗೆ ಹೋಗುತ್ತದೆ. ಗಡುವು ಗೊತ್ತುಪಡಿಸದಿದ್ದರೆ ನ್ಯಾಯೋಚಿತ ಅವಧಿ ಮುಗಿಯಬೇಕು.

ಇದರ ಪರಿಣಾಮ ಸಣ್ಣದಲ್ಲ. ತಲಾ 8,000 ರೂಪಾಯಿ ಅಸಲಿನ ಹತ್ತು ರೇಷ್ಮೆ ಸೀರೆಗಳನ್ನು ತಲಾ 10,000 ರೂಪಾಯಿ ಬೆಲೆಗೆ, ಹದಿನೈದು ದಿನಗಳ ಗಡುವಿನೊಂದಿಗೆ ಮಾರ್ಚ್ 25ರಂದು ಕಳುಹಿಸಲಾಗಿದೆ ಎನ್ನೋಣ. ತಿಂಗಳ ಕೊನೆಯ ಹೊತ್ತಿಗೆ ನಾಲ್ಕಕ್ಕಷ್ಟೇ ಒಪ್ಪಿಗೆ ಬಂದಿದ್ದರೆ ಆ ವರ್ಷದ ಆದಾಯ 40,000 ರೂಪಾಯಿ. ಉಳಿದ ಆರು ಸೀರೆ ಗ್ರಾಹಕನ ಮನೆಯಲ್ಲಿದ್ದರೂ ಮಾರಾಟಗಾರನ ದಾಸ್ತಾನೇ. ಅಸಲಿನ ಲೆಕ್ಕದಲ್ಲಿ 48,000 ರೂಪಾಯಿ. ಪೂರ್ತಿ ಒಂದು ಲಕ್ಷವನ್ನು ಮಾರಾಟವೆಂದು ಬರೆದರೆ ಲಾಭ 12,000 ರೂಪಾಯಿ ಉಬ್ಬುತ್ತದೆ. ಇನ್ನೂ ಸಾಲಗಾರನಾಗದ ಗ್ರಾಹಕ ಬಾಕಿದಾರರ ಪಟ್ಟಿ ಸೇರುತ್ತಾನೆ. ಆ ಪಟ್ಟಿಯನ್ನು ನಂಬಿ ಸಾಲ ಕೊಡುವ ಬ್ಯಾಂಕಿಗೆ ಇದು ನೇರ ವಂಚನೆ. ಇಂಥ ಸರಕಿಗೆ ಪ್ರತ್ಯೇಕ ವಹಿ ಇಡಬೇಕು, ಒಪ್ಪಿಗೆಯ ದಿನಾಂಕವನ್ನು ಲಿಖಿತವಾಗಿ ಪಡೆಯಬೇಕು. ಏಪ್ರಿಲ್‌ನಲ್ಲಿ ವಾಪಸು ಬಂದ ಸರಕಿನ ಪಟ್ಟಿಯನ್ನು ಮಾರ್ಚ್‌ನ ಬಿಲ್ಲುಗಳೊಂದಿಗೆ ತಾಳೆ ನೋಡದೆ ಲೆಕ್ಕಪರಿಶೋಧಕರು ಸಹಿ ಹಾಕಕೂಡದು.