ಒಂದು ಗಾಜು, ಹಲವು ದಿನಗಳು

ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಬರುವ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಇಲಿಯ ವೃಷಣದ ಸ್ಲೈಡ್ ನೋಡುತ್ತಿದ್ದಳು. ಅವಳ ರೆಕಾರ್ಡಿನಲ್ಲಿ ಚಿತ್ರ ಆಗಲೇ ಸಿದ್ಧವಾಗಿತ್ತು. ಪುಸ್ತಕದಲ್ಲಿ ಇರುವಂತೆಯೇ ಒಂದು ದುಂಡನೆಯ ನಾಳ, ಹೊರಗಿನಿಂದ ಒಳಕ್ಕೆ ಐದು ಬಗೆಯ ಜೀವಕೋಶಗಳ ಐದು ಸಾಲು, ನಡುವಿನ ಪೊಳ್ಳಿನಲ್ಲಿ ಬಾಲ ಚಾಚಿದ ವೀರ್ಯಾಣುಗಳು. ಆದರೆ ಸೂಕ್ಷ್ಮದರ್ಶಕದ ಕೆಳಗೆ ಅವಳಿಗೆ ಸಿಕ್ಕ ನಾಳದಲ್ಲಿ ಬಾಲಗಳೇ ಇರಲಿಲ್ಲ. ಚಿತ್ರದ ಕೆಳಗೆ ಅವಳು ಪೆನ್ಸಿಲಿನಲ್ಲಿ ಬರೆದಳು: 'ಈ ನಾಳದಲ್ಲಿ ವೀರ್ಯಾಣು ಇಲ್ಲ. ಅಸಹಜ.'

"ಏನಮ್ಮ ಇದು? ಪಕ್ಕದ ನಾಳ ನೋಡಿದೆಯಾ?" ಎಂದರು ಅಧ್ಯಾಪಕರು.

"ನೋಡಿದೆ ಸರ್. ಅದರಲ್ಲಿ ಇದೆ. ಅದರ ಪಕ್ಕದ್ದರಲ್ಲಿ ಮತ್ತೆ ಇಲ್ಲ."

"ಹಾಗಾದರೆ ಒಂದೇ ಇಲಿಯಲ್ಲಿ ಅರ್ಧ ಆರೋಗ್ಯ, ಅರ್ಧ ರೋಗವೇ?"

ಈ ಪ್ರಶ್ನೆಗೆ ಉತ್ತರ ಆ ಗಾಜಿನ ಮೇಲೆಯೇ ಇತ್ತು. ಅದನ್ನು ಓದುವ ಕ್ರಮ ತಿಳಿದಿರಬೇಕು, ಅಷ್ಟೆ.

ಮೊದಲು ಆ ಗಾಜು ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ನೋಡೋಣ. ವೃಷಣವನ್ನು ಇಡಿಯಾಗಿ ದ್ರಾವಣಕ್ಕೆ ಹಾಕಿದರೆ ಅದರ ಗಟ್ಟಿಯಾದ ಬಿಳಿ ಹೊದಿಕೆಯನ್ನು ದಾಟಿ ದ್ರಾವಣ ಬೇಗ ಒಳಗಿಳಿಯುವುದಿಲ್ಲ. ಆದ್ದರಿಂದ ಅದನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಬೂಯಿನ್ ದ್ರಾವಣದಲ್ಲಿ ಇಡುತ್ತಾರೆ. ಪಿಕ್ರಿಕ್ ಆಮ್ಲದ ಸಂತೃಪ್ತ ದ್ರಾವಣ 75 ಭಾಗ, ಫಾರ್ಮಲಿನ್ 25 ಭಾಗ, ಅಸಿಟಿಕ್ ಆಮ್ಲ 5 ಭಾಗ ಸೇರಿದ ಹಳದಿ ದ್ರಾವಣ ಇದು. ಬರಿಯ ಫಾರ್ಮಲಿನ್‌ನಲ್ಲಿಟ್ಟರೆ ಜೀವಕೋಶಗಳು ಕುಗ್ಗಿ ನಡುವೆ ಬಿರುಕು ಕಾಣಿಸುತ್ತದೆ, ಕೋಶಕೇಂದ್ರದೊಳಗಿನ ಎಳೆಗಳೂ ಮಂಕಾಗುತ್ತವೆ. ವೃಷಣದ ಸ್ಲೈಡ್ ಓದುವುದೆಂದರೆ ಬಹುಪಾಲು ಕೋಶಕೇಂದ್ರಗಳನ್ನು ಓದುವುದು. ಅವೇ ಮಂಕಾದರೆ ಓದಲು ಏನೂ ಉಳಿಯುವುದಿಲ್ಲ. ಆಮೇಲೆ ತುಂಡನ್ನು ಮೇಣದಲ್ಲಿ ಕೂರಿಸಿ, ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ತೆಳ್ಳಗೆ ಹೆರೆದು, ಹೀಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಕೊಡುತ್ತಾರೆ. ಕೋಶಕೇಂದ್ರ ನೀಲಿಯಾಗುತ್ತದೆ, ಉಳಿದದ್ದು ಗುಲಾಬಿಯಾಗುತ್ತದೆ.

ಲೋ ಪವರ್‌ನಲ್ಲಿ ನೋಡಿದರೆ ಕೊಯ್ದ ಕೊಳವೆಗಳ ಕಟ್ಟಿನಂತೆ ನಾಳಗಳು ಕಾಣುತ್ತವೆ. ಓರೆಯಾಗಿ ಕೊಯ್ದ ಉದ್ದನೆಯ ನಾಳಗಳನ್ನು ಬಿಟ್ಟು ದುಂಡಗಿರುವುದನ್ನೇ ಆರಿಸಿಕೊಳ್ಳಬೇಕು. ಓರೆ ಕೊಯ್ತದಲ್ಲಿ ಸಾಲುಗಳು ಒಂದರ ಮೇಲೊಂದು ಬಿದ್ದು ಕಣ್ಣಿಗೆ ಮೋಸ ಮಾಡುತ್ತವೆ. ಇನ್ನು ಹೈ ಪವರ್‌ಗೆ ತಿರುಗಿಸಿ ಹೊರ ಅಂಚಿನಿಂದ ಒಳಕ್ಕೆ ಹೋಗಬೇಕು.

ಹೊರ ಅಂಚಿನ ತೆಳುವಾದ ತಳಪೊರೆಗೆ ಒತ್ತಿಕೊಂಡು ಕುಳಿತಿರುವವು ಸ್ಪರ್ಮಟೊಗೋನಿಯ. ಇವು ಮೂಲ ಕೋಶಗಳು. ಇವುಗಳ ನಡುವೆ ಅಲ್ಲೊಂದು ಇಲ್ಲೊಂದು, ಪೇಲವವಾದ, ಓರೆಕೋರೆಯಾದ ಕೋಶಕೇಂದ್ರ ಕಾಣುತ್ತದೆ. ಅದರೊಳಗೆ ಎದ್ದು ಕಾಣುವ ಒಂದು ಚುಕ್ಕೆ ಇರುತ್ತದೆ. ಅದು ವೀರ್ಯಾಣು ಆಗುವ ಕೋಶವಲ್ಲ. ಉಳಿದವನ್ನು ಹಿಡಿದು ಸಾಕುವ ಸರ್ಟೋಲಿ ಕೋಶ. ಹೊಸಬರು ಇದನ್ನು ಸ್ಪರ್ಮಟೊಗೋನಿಯ ಎಂದು ಎಣಿಸಿಬಿಡುವುದು ಸಾಮಾನ್ಯ. ಆ ಚುಕ್ಕೆಯನ್ನು ಹುಡುಕಿದರೆ ತಪ್ಪು ಆಗುವುದಿಲ್ಲ.

ಅದರ ಒಳಗಿನ ಸಾಲು ಪ್ರಾಥಮಿಕ ಸ್ಪರ್ಮಟೊಸೈಟ್‌ಗಳದು. ನಾಳದಲ್ಲೇ ಅತಿ ದೊಡ್ಡ ದುಂಡು ಕೋಶಕೇಂದ್ರ ಇವುಗಳದು. ಒಳಗೆ ನೂಲಿನ ಉಂಡೆ ಬಿಚ್ಚಿದಂತೆ ದಪ್ಪ ಎಳೆಗಳು ಕಾಣುತ್ತವೆ. ವರ್ಣತಂತುಗಳು ಜೋಡಿಯಾಗಿ ಕುಳಿತ ಹೊತ್ತು ಅದು. ಇನ್ನೂ ಒಳಗೆ ಸ್ಪರ್ಮಟಿಡ್‌ಗಳು: ಚಿಕ್ಕವು, ದುಂಡಗಿನವು, ತಿಳಿ ಬಣ್ಣದವು. ಇವೇ ಮುಂದೆ ಉದ್ದವಾಗಿ, ಕಪ್ಪಾಗಿ, ಇಲಿಯಲ್ಲಿ ಕುಡುಗೋಲಿನಂತೆ ಬಾಗಿ, ಬಾಲ ಬೆಳೆಸಿಕೊಳ್ಳುತ್ತವೆ.

ವಿದ್ಯಾರ್ಥಿನಿಯ ಚಿತ್ರದಲ್ಲಿ ಈ ಎರಡರ ನಡುವೆ ಇನ್ನೊಂದು ಸಾಲು ಇತ್ತು: ದ್ವಿತೀಯ ಸ್ಪರ್ಮಟೊಸೈಟ್. ಪ್ರತಿಯೊಬ್ಬರ ರೆಕಾರ್ಡಿನಲ್ಲೂ ಅದು ಇರುತ್ತದೆ. ಗಾಜಿನ ಮೇಲೆ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಕಾರಣ ಸರಳ. ಪ್ರಾಥಮಿಕ ಸ್ಪರ್ಮಟೊಸೈಟ್ ಇಲಿಯಲ್ಲಿ ಎರಡು ವಾರಕ್ಕೂ ಮೇಲ್ಪಟ್ಟು ಹಾಗೇ ಇರುತ್ತದೆ. ಅದು ಒಡೆದು ಹುಟ್ಟಿದ ದ್ವಿತೀಯ ಸ್ಪರ್ಮಟೊಸೈಟ್ ಒಂದು ದಿನವನ್ನೂ ಪೂರೈಸದೆ ಮತ್ತೆ ಒಡೆದು ಸ್ಪರ್ಮಟಿಡ್ ಆಗುತ್ತದೆ. ಹೆಚ್ಚು ದಿನ ಇರುವ ಕೋಶ ಹೆಚ್ಚು ಕಡೆ ಕಾಣುತ್ತದೆ. ಗಳಿಗೆಯಷ್ಟು ಇರುವುದು ಅಪರೂಪಕ್ಕೆ ಕಾಣುತ್ತದೆ. ಹೀಗೆ ನೋಡಿದರೆ ಸ್ಲೈಡ್ ಒಂದು ಗಡಿಯಾರವೂ ಹೌದು.

ಈ ಗಡಿಯಾರವನ್ನು ಓದಲು ಕಲಿಸಿದವರು ಕೆನಡಾದ ಲೆಬ್ಲಾಂಡ್ ಮತ್ತು ಕ್ಲೆರ್ಮಾಂಟ್. ಇಲಿಯ ನಾಳಗಳನ್ನು ಅವರು 1952ರಲ್ಲಿ 14 ಹಂತಗಳಾಗಿ ವಿಂಗಡಿಸಿದರು. ನಾಳದ ಒಂದು ಜಾಗದಲ್ಲಿ ಸುಮಾರು 13 ದಿನಕ್ಕೊಮ್ಮೆ ಹೊಸ ತಂಡವೊಂದು ತಳದಿಂದ ಹೊರಡುತ್ತದೆ. ಹಿಂದಿನ ತಂಡ ಕೆಲಸ ಮುಗಿಸುವವರೆಗೆ ಅದು ಕಾಯುವುದಿಲ್ಲ. ಆದ್ದರಿಂದ ತಳದಿಂದ ಪೊಳ್ಳಿನ ಕಡೆಗೆ ಹೋದಂತೆ ಒಂದೊಂದು ತಂಡವೂ ತನ್ನ ಕೆಳಗಿನದಕ್ಕಿಂತ 13 ದಿನ ಹಿರಿಯದು. ಯಾವ ವಯಸ್ಸಿನ ಸ್ಪರ್ಮಟಿಡ್ ಜೊತೆ ಯಾವ ವಯಸ್ಸಿನ ಸ್ಪರ್ಮಟೊಸೈಟ್ ಇರಬೇಕೆಂಬುದು ಹೀಗೆ ಗೊತ್ತಾಗಿಯೇ ಇರುತ್ತದೆ. ಈ ಗೊತ್ತಾದ ಜೊತೆಗಳೇ ಆ 14 ಹಂತಗಳು.

ಅಧ್ಯಾಪಕರು ಇದನ್ನು ವಿದ್ಯಾರ್ಥಿನಿಗೆ ಅವಳ ಊರಿನ ಮಾತಿನಲ್ಲೇ ಹೇಳಿದರು. ಅವಳ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡಿದವರು. "ಕಾರ್ಖಾನೆ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಒಂದು ಗಳಿಗೆ ಎಲ್ಲವನ್ನೂ ನಿಲ್ಲಿಸಿ ಫೋಟೋ ತೆಗೆದಿದ್ದರೆ ಏನು ಕಾಣುತ್ತಿತ್ತು? ಒಂದು ಕಡೆ ಅದಿರು, ಇನ್ನೊಂದು ಕಡೆ ಕರಗಿದ ಕಬ್ಬಿಣ, ಮತ್ತೊಂದು ಕಡೆ ಸಿದ್ಧವಾದ ಸರಳು. ಕರಗಿದ ಕಬ್ಬಿಣ ಇರುವ ಕಡೆ ಸರಳು ಇಲ್ಲವೆಂದು ಕಾರ್ಖಾನೆ ಕೆಟ್ಟಿದೆ ಅನ್ನುತ್ತೀಯಾ?"

ಇನ್ನು ಅವಳ 'ಅಸಹಜ' ನಾಳಕ್ಕೆ ಬರೋಣ. ಪಕ್ಕದ ನಾಳದಲ್ಲಿ ಪೊಳ್ಳಿನ ಅಂಚಿಗೆ ಕಪ್ಪು ತಲೆಗಳು ಸಾಲಾಗಿ ನಿಂತು, ಬಾಲಗಳು ಒಳಕ್ಕೆ ಚಾಚಿದ್ದವು. ಅವುಗಳ ಹಿಂದೆ ದುಂಡು ಸ್ಪರ್ಮಟಿಡ್‌ಗಳ ಸಾಲು. ಅದು 7 ಅಥವಾ 8ನೆಯ ಹಂತ. 8ನೆಯ ಹಂತ ಮುಗಿಯುವಾಗ ಸಿದ್ಧ ವೀರ್ಯಾಣುಗಳು ಕಳಚಿಕೊಂಡು ಪೊಳ್ಳಿಗೆ ಬಿದ್ದು ಹೊರಟುಹೋಗುತ್ತವೆ. ಅವಳ ನಾಳ ಅದಾದ ಮೇಲಿನದು, ಅಂದರೆ 9ನೆಯ ಹಂತ. ಇದಕ್ಕೆ ಎರಡು ಸಾಕ್ಷಿ ಇದ್ದವು. ಒಂದು, ಪೊಳ್ಳಿನ ಬದಿಯ ಸ್ಪರ್ಮಟಿಡ್‌ಗಳ ತಲೆ ಪೂರಾ ದುಂಡಗಿರಲಿಲ್ಲ. ಒಂದು ಕಡೆ ಮೊನಚಾಗತೊಡಗಿತ್ತು. ಮುಂದಿನ ತಂಡ ಉದ್ದವಾಗಲು ಹೊರಟಿತ್ತು. ಎರಡು, ಸಾಲುಗಳ ನಡುವೆ ಗಾಢ ಬಣ್ಣದ ಸಣ್ಣ ಹನಿಗಳು ಚೆದುರಿದ್ದವು. ವೀರ್ಯಾಣು ಹೊರಡುವಾಗ ತನಗೆ ಬೇಡವಾದ ಕೋಶರಸವನ್ನು ಬಿಟ್ಟುಹೋಗುತ್ತದೆ. ಸರ್ಟೋಲಿ ಕೋಶ ಅದನ್ನು ನುಂಗಿ ತಳದ ಕಡೆಗೆ ಎಳೆದುಕೊಳ್ಳುತ್ತದೆ. ಆ ಹನಿಗಳು ಇದ್ದರೆ ವೀರ್ಯಾಣುಗಳು ಇಲ್ಲಿ ಇದ್ದವು, ಈಗಷ್ಟೇ ಹೋದವು ಎಂದೇ ಅರ್ಥ. 'ಇಲ್ಲ' ಎಂದು ಬರೆದ ಕಡೆ 'ಈಗ ತಾನೇ ಹೊರಟವು' ಎಂದು ಬರೆಯಬೇಕಿತ್ತು.

ಇದು ರೆಕಾರ್ಡಿನ ಮಾರ್ಕಿಗಷ್ಟೇ ಸಂಬಂಧಿಸಿದ ಮಾತಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಇದೇ ತಪ್ಪು ಮನುಷ್ಯರ ಸ್ಲೈಡಿನಲ್ಲಿ ಆದರೆ ಒಂದು ಮನೆಯ ನೆಮ್ಮದಿಯೇ ಹೋಗಬಹುದು.

ಮದುವೆಯಾಗಿ ಆರೇಳು ವರ್ಷವಾದರೂ ಮಕ್ಕಳಾಗಲಿಲ್ಲ ಎಂದುಕೊಳ್ಳೋಣ. ನಮ್ಮ ಕಡೆ ಮೊದಲು ಮಾತು ಕೇಳಬೇಕಾದವಳು ಹೆಂಡತಿ. ಕೊನೆಗೂ ಗಂಡನ ಪರೀಕ್ಷೆಯಾಗಿ ವೀರ್ಯದಲ್ಲಿ ವೀರ್ಯಾಣುವೇ ಇಲ್ಲ ಎಂದು ತಿಳಿಯುತ್ತದೆ. ಇದಕ್ಕೆ ಎರಡು ಕಾರಣ ಇರಬಹುದು. ವೃಷಣದಲ್ಲಿ ವೀರ್ಯಾಣು ತಯಾರಾಗುತ್ತಿಲ್ಲ, ಇಲ್ಲವೇ ತಯಾರಾದದ್ದು ಹೊರಬರುವ ದಾರಿ ಕಟ್ಟಿಕೊಂಡಿದೆ. ಎರಡನೆಯದಾದರೆ ಶಸ್ತ್ರಚಿಕಿತ್ಸೆಯಿಂದ ದಾರಿ ಬಿಡಿಸಲು ಯತ್ನಿಸಬಹುದು. ಮೊದಲನೆಯದಾದರೆ ಆ ಶಸ್ತ್ರಚಿಕಿತ್ಸೆ ವ್ಯರ್ಥ. ರಕ್ತದ ಹಾರ್ಮೋನ್ ಪರೀಕ್ಷೆ ಎಷ್ಟೋ ಸಲ ಉತ್ತರ ಕೊಡುತ್ತದೆ, ಎಲ್ಲ ಸಲವೂ ಅಲ್ಲ. ತಯಾರಿಕೆ ಸ್ಪರ್ಮಟೊಸೈಟ್ ಹಂತದಲ್ಲೇ ನಿಂತುಹೋಗಿದ್ದವರಲ್ಲೂ ವೃಷಣದ ಗಾತ್ರ, ಹಾರ್ಮೋನಿನ ಮಟ್ಟ ಸರಿಯಾಗಿಯೇ ಇರಬಹುದು. ಆಗ ಬಯಾಪ್ಸಿ ತೆಗೆದು ಗಾಜಿನ ಮೇಲೆ ನೋಡಬೇಕಾಗುತ್ತದೆ.

ಮನುಷ್ಯರಲ್ಲಿ ಓದುವುದು ಇಲಿಗಿಂತ ಕಷ್ಟ. ಇಲಿಯಲ್ಲಿ ಒಂದು ದುಂಡು ಕೊಯ್ತದ ತುಂಬ ಸಾಮಾನ್ಯವಾಗಿ ಒಂದೇ ಹಂತ. ಮನುಷ್ಯರಲ್ಲಿ ಹಂತಗಳು ಆರೇ ಆದರೂ ಒಂದೇ ಕೊಯ್ತದಲ್ಲಿ ಎರಡು ಮೂರು ಹಂತಗಳು ತೇಪೆ ಹಾಕಿದಂತೆ ಸೇರಿಕೊಂಡಿರುತ್ತವೆ. ಒಂದು ತೇಪೆಯಲ್ಲಿ ಉದ್ದ ಸ್ಪರ್ಮಟಿಡ್ ಇದ್ದರೆ ಪಕ್ಕದ್ದರಲ್ಲಿ ಇರದಿರಬಹುದು. ಹೀಗಾಗಿ ಒಂದು ನಾಳ ನೋಡಿ ತೀರ್ಪು ಕೊಡುವಂತಿಲ್ಲ. ಗಾಜಿನ ಮೇಲಿರುವ ನಾಳಗಳನ್ನೆಲ್ಲ ನೋಡಿ, ಒಂದೊಂದಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟು ಸರಾಸರಿ ತೆಗೆಯುವ ಕ್ರಮವನ್ನು ಜಾನ್ಸೆನ್ ಎಂಬ ವಿಜ್ಞಾನಿ 1970ರಲ್ಲಿ ಕೊಟ್ಟರು. ಎಲ್ಲ ಸಾಲುಗಳೂ ಸೊಂಪಾಗಿದ್ದರೆ 10. ಸ್ಪರ್ಮಟಿಡ್ ಒಂದೂ ಇಲ್ಲದೆ ಸ್ಪರ್ಮಟೊಸೈಟ್ ಮಾತ್ರ ತುಂಬಿದ್ದರೆ 5. ಸರ್ಟೋಲಿ ಕೋಶಗಳಷ್ಟೇ ಉಳಿದಿದ್ದರೆ 2.

ತಯಾರಿಕೆ ನಿಂತಿದೆ ಎನ್ನಲು ಗುರುತು ಇಷ್ಟೇ: ಸಾಲು ಯಾವ ಕೋಶದವರೆಗೆ ಬರುತ್ತದೋ ಅಲ್ಲಿಗೇ ಎಲ್ಲ ನಾಳಗಳಲ್ಲೂ ನಿಂತಿರಬೇಕು. ಐವತ್ತು ನಾಳಗಳಲ್ಲಿ ಸ್ಪರ್ಮಟೊಸೈಟ್ ತುಂಬಿದ್ದು ಒಂದರಲ್ಲೂ ಸ್ಪರ್ಮಟಿಡ್ ಕಾಣದಿದ್ದರೆ ಅದು ಹಂತದ ವ್ಯತ್ಯಾಸವಲ್ಲ, ತಡೆ. ಕೆಲವು ನಾಳಗಳಲ್ಲಾದರೂ ಉದ್ದ ತಲೆಗಳಿದ್ದರೆ ಆ ಮಾತು ಬರೆಯಬಾರದು. ಎಲ್ಲ ನಾಳಗಳೂ ತುಂಬಿಕೊಂಡಿದ್ದರೆ ತಯಾರಿಕೆ ಸರಿಯಾಗಿದೆ, ದಾರಿಯನ್ನು ಪರೀಕ್ಷಿಸಬೇಕು. ಇನ್ನೊಂದು ಎಚ್ಚರಿಕೆಯೂ ಉಂಟು. ಬಯಾಪ್ಸಿ ತುಂಡನ್ನು ಚಿಮಟದಿಂದ ಹಿಸುಕಿದರೆ ಕೋಶಗಳು ಕಿತ್ತು ಪೊಳ್ಳಿಗೆ ಬಿದ್ದು ರೋಗದಂತೆ ಕಾಣುತ್ತವೆ. ತುಂಡಿನ ಅಂಚಿನಲ್ಲಿ ಮಾತ್ರ ಹಾಗಿದ್ದು ನಡುವೆ ಸರಿಯಿದ್ದರೆ ತಪ್ಪು ಚಿಮಟದ್ದು.

ಕಾಲವನ್ನೂ ಮರೆಯುವಂತಿಲ್ಲ. ಮನುಷ್ಯರಲ್ಲಿ ತಳದ ಕೋಶ ವೀರ್ಯಾಣು ಆಗಲು 64ರಿಂದ 74 ದಿನ ಹಿಡಿಯುತ್ತದೆ. ವೃಷಣ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೇ ಈ ಕೆಲಸ ಸರಿಯಾಗಿ ಸಾಗುವುದು. ತೀವ್ರ ಜ್ವರ ಬಂದರೆ ಸ್ಪರ್ಮಟೊಸೈಟ್ ಮತ್ತು ದುಂಡು ಸ್ಪರ್ಮಟಿಡ್‌ಗಳಿಗೆ ಮೊದಲ ಪೆಟ್ಟು. ತಳದ ಕೋಶಗಳು ಸಾಮಾನ್ಯವಾಗಿ ಉಳಿದುಕೊಂಡು ಮತ್ತೆ ಹೊಸ ತಂಡ ಕಳಿಸುತ್ತವೆ. ಜ್ವರ ಬಿಟ್ಟ ತಿಂಗಳಿಗೇ ಮಾಡಿಸಿದ ಪರೀಕ್ಷೆಯನ್ನು ನಂಬಿ ಕೂರದೆ ಮೂರು ತಿಂಗಳ ಮೇಲೆ ಮತ್ತೆ ನೋಡಿ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ಆ ದಿನ ಸಂಜೆ ಭದ್ರಾವತಿಯ ಬಸ್ಸು ಹಿಡಿಯುವ ಮೊದಲು ವಿದ್ಯಾರ್ಥಿನಿ ರೆಕಾರ್ಡಿನ ಪೆನ್ಸಿಲ್ ಬರಹವನ್ನು ಅಳಿಸಿದಳು. ಪುಸ್ತಕದ ಚಿತ್ರವನ್ನು ಹಾಗೇ ಬಿಟ್ಟು ಪಕ್ಕದಲ್ಲಿ ತಾನು ಕಂಡ ಎರಡು ನಾಳಗಳನ್ನು ಬರೆದಳು. ಒಂದರಲ್ಲಿ ಬಾಲಗಳು, ಇನ್ನೊಂದರಲ್ಲಿ ಅವು ಬಿಟ್ಟುಹೋದ ಹನಿಗಳು. ದ್ವಿತೀಯ ಸ್ಪರ್ಮಟೊಸೈಟ್ ಎಂಬ ಹೆಸರನ್ನು ಎರಡರಲ್ಲೂ ಬರೆಯಲಿಲ್ಲ. ಅದು ಅವಳಿಗೆ ಕಂಡಿರಲಿಲ್ಲ.